ಕುಮಾರವ್ಯಾಸನ ಸಾಲಿಗೆ 15 ಮಾತ್ರೆ ಬರ್ತಿದೆ, ಎಲ್ಲಿ ತಪ್ಪಾಗಿದೆ?

ತುಂಗಾತೀರದ ಅಮ್ಮ

ನಮಸ್ಕಾರ. ಮಗಳು ಹತ್ತನೇ ಕ್ಲಾಸು. ಪರೀಕ್ಷೆಯಲ್ಲಿ ಪದ್ಯದ ಸಾಲು ಕೊಟ್ಟು ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಅಂತ ಕೇಳುತ್ತಾರೆ. ಅವಳಿಗೆ ನಿಯಮ ಎಲ್ಲ ಬಾಯಿಗೆ ಬರುತ್ತದೆ. ದೀರ್ಘ ಇದ್ದರೆ ಗುರು, ಸೊನ್ನೆ ಇದ್ದರೆ ಗುರು, ಒತ್ತಕ್ಷರದ ಹಿಂದಿನದು ಗುರು, ಉಳಿದದ್ದು ಲಘು. ಆದರೆ ಪದ್ಯ ಕೈಗೆ ಬಂದಾಗ ಲೆಕ್ಕ ಕೂಡುವುದಿಲ್ಲ.

ನಿನ್ನೆ ಗದುಗಿನ ಭಾರತದ ಮೊದಲ ಪದ್ಯವನ್ನೇ ಅಭ್ಯಾಸಕ್ಕೆ ಕೊಟ್ಟೆ.

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಾಯಣ

ಭಾಮಿನಿ ಷಟ್ಪದಿ ಅಂತ ಗೊತ್ತಿದೆ. ಅಂದರೆ ಚಿಕ್ಕ ಸಾಲಿಗೆ 14, ದೊಡ್ಡ ಸಾಲಿಗೆ 23 ಬರಬೇಕು. ಅವಳಿಗೆ ಮೂರನೇ ಸಾಲಲ್ಲಿ 22, ನಾಲ್ಕನೇ ಸಾಲಲ್ಲಿ 15, ಆರನೇ ಸಾಲಲ್ಲೂ ಏನೋ ಎಡವಟ್ಟು. ನಾನೂ ಕೂತು ಎಣಿಸಿದೆ, ಅದೇ ಬಂತು. ಪದ್ಯವೇ ತಪ್ಪಾಗಿ ಮುದ್ರಣ ಆಗಿದೆಯಾ, ನಮ್ಮ ಎಣಿಕೆ ತಪ್ಪಾ?

ಅಕ್ಷರಪ್ರೇಮಿ

ಮೇಡಂ, ನಾಲ್ಕನೇ ಸಾಲಿನಲ್ಲಿ "ಮಥನ ಶ್ರವಣ" ಅಂತ ಇದೆಯಲ್ಲ, ಅಲ್ಲಿ ಇರುವುದು ಶಿಥಿಲದ್ವಿತ್ವ. ಒತ್ತಕ್ಷರ ಇದ್ದರೂ ಸಡಿಲವಾಗಿ ಉಚ್ಚರಿಸುತ್ತಾರೆ. ಹಾಗಾಗಿ "ನ" ಲಘುವೇ. ಕವಿಗೆ ಅಷ್ಟು ಸ್ವಾತಂತ್ರ್ಯ ಇದ್ದೇ ಇರುತ್ತದೆ. ಎಲ್ಲಿ ಲೆಕ್ಕ ಕೂಡಲ್ಲವೋ ಅಲ್ಲಿ ಒಂದು ಗುರುವನ್ನು ಲಘು ಮಾಡಿ, ಅಥವಾ ಲಘುವನ್ನು ಗುರು ಮಾಡಿ ಸರಿಹೊಂದಿಸಿಕೊಳ್ಳಿ. ನಾವು ಓದುವಾಗ ಹಾಗೇ ಮಾಡ್ತಿದ್ವಿ.

ಹಳೇ ಮೇಷ್ಟ್ರು

ಅಕ್ಷರಪ್ರೇಮಿಯವರು ಉತ್ತರ ಸರಿ ಹೇಳಿದ್ದಾರೆ, ಕಾರಣ ಸರಿಯಿಲ್ಲ. "ನ" ಲಘು ಅನ್ನೋದು ನಿಜ. ಆದರೆ ಶಿಥಿಲದ್ವಿತ್ವ ಬೇರೆ. ಅದು ಹಳಗನ್ನಡದ ಕನ್ನಡ ಪದಗಳ ಒಳಗೆ, ರ, ಲ, ೞ ವ್ಯಂಜನಗಳು ಒತ್ತಿನ ಮೊದಲ ಭಾಗವಾಗಿ ಬಂದಾಗ ಹೇಳುವ ಮಾತು. ಇಲ್ಲಿ ಇರುವುದು ಶಕಾರಕ್ಕೆ ರ ಒತ್ತು, ಅದೂ ಸಂಸ್ಕೃತ ಪದ, ಅದೂ ಪದದ ಮೊದಲ ಅಕ್ಷರ. ಮೂರೂ ಕಡೆ ಹೊಂದುವುದಿಲ್ಲ.

"ಸರಿಹೊಂದಿಸಿಕೊಳ್ಳಿ" ಅನ್ನೋ ಸಲಹೆ ಮಾತ್ರ ದಯವಿಟ್ಟು ಮಕ್ಕಳಿಗೆ ಬೇಡ. ಬೇಕಾದಲ್ಲಿ ಹಿಗ್ಗಿಸಿ ಕುಗ್ಗಿಸಿದರೆ ಯಾವ ಪದ್ಯವನ್ನು ಬೇಕಾದರೂ ಯಾವ ಛಂದಸ್ಸಿಗೆ ಬೇಕಾದರೂ ತೂರಿಸಬಹುದು. ಆಮೇಲೆ ಪ್ರಸ್ತಾರ ಯಾಕೆ ಹಾಕಬೇಕು?

ಅಮ್ಮಾ, ನಿಮ್ಮ ಮಗಳಿಗೆ ಹೀಗೆ ಹೇಳಿ. ತಕರಾರು ಇರುವ ಸಾಲನ್ನು ಮೊದಲು ಮುಟ್ಟಬೇಡ. ತಕರಾರೇ ಇಲ್ಲದ ಸಾಲನ್ನು ತೆಗೆದುಕೋ. ಇಲ್ಲಿ ಎರಡನೇ ಸಾಲು ಅಂಥದ್ದು.

ಜೀವ | ಪೀಠನ | ಪಿತನೆ | ಜಗಕತಿ
– ∪ | – ∪ ∪ | ∪ ∪ ∪ | ∪ ∪ ∪ ∪

3, 4, 3, 4. ಎಲ್ಲೂ ಅನುಮಾನ ಇಲ್ಲ. ಐದನೇ ಸಾಲೂ ಹಾಗೇ: ಧಾವಿ | ನೂತನ | ಕಥನ | ಕಾರಣ. ಮತ್ತೆ 3, 4, 3, 4. ಈಗ ಅಚ್ಚು ಯಾವುದು ಅಂತ ಗೊತ್ತಾಯಿತು. ಇನ್ನು ಅನುಮಾನದ ಸಾಲಿಗೆ ಬನ್ನಿ.

ರಾವ | ಣಾಸುರ | ಮಥನ | ಶ್ರವಣ ಸು
– ∪ | – ∪ ∪ | ∪ ∪ ? | ∪ ∪ ∪ ∪

"ನ" ಗುರು ಆದರೆ ಮೂರನೇ ಗಣಕ್ಕೆ 4 ಮಾತ್ರೆ ಆಗುತ್ತದೆ. ಒಟ್ಟು ಜಾಸ್ತಿ ಆಗುವುದಷ್ಟೇ ಅಲ್ಲ, ಗಣದ ಗೆರೆ ಆ ಗುರುವಿನ ಹೊಟ್ಟೆಯ ಮೇಲೆ ಹೋಗುತ್ತದೆ. ಒಂದು ಅಕ್ಷರವನ್ನು ಅರ್ಧ ಮಾಡಿ ಎರಡು ಗಣಕ್ಕೆ ಹಂಚುವ ಹಾಗಿಲ್ಲ. ಹಾಗಾಗಿ ಕವಿ ಅದನ್ನು ಲಘುವಾಗಿಯೇ ಇಟ್ಟಿದ್ದಾನೆ.

ಅದಕ್ಕೆ ಕಾರಣವೂ ಇದೆ. "ರಾವಣಾಸುರ ಮಥನ" ಅನ್ನೋದು ದೇವರನ್ನು ಕರೆಯುವ ಮಾತು, ಅಲ್ಲಿಗೆ ಮುಗಿಯಿತು. "ಶ್ರವಣ" ಅಂತ ಬೇರೆ ಪದ ಶುರುವಾಗುತ್ತದೆ. ನಡುವೆ ನಾಲಿಗೆಗೆ ಬಿಡುವು ಸಿಗುತ್ತದೆ. ಮುಂದಿನ ಪದದ ಮೊದಲ ಒತ್ತು ಹಿಂದಿನ ಪದದ ಕೊನೆಯನ್ನು ತಳ್ಳುವುದಿಲ್ಲ. ಮೂರನೇ ಸಾಲಿನ "ಸಜ್ಜನ" ನೋಡಿ. ಅಲ್ಲಿ ಜ್ಜ ಪದದ ಒಳಗೇ ಇದೆ, ಸ ತಪ್ಪದೆ ಗುರು.

ಹತ್ತನೇ ಬಿ

ಸರ್ ಹಾಗಾದ್ರೆ ನಮ್ಮ ನೋಟ್ಸಲ್ಲಿ "ಒತ್ತಕ್ಷರದ ಹಿಂದಿನ ಅಕ್ಷರ ಗುರು" ಅಂತ ಇರೋದು ತಪ್ಪಾ?

ಹಳೇ ಮೇಷ್ಟ್ರು

ತಪ್ಪಲ್ಲ ಮಗು. ಅರ್ಧ ಹೇಳಿದ್ದಾರೆ, ಅಷ್ಟೇ. "ಒಂದೇ ಪದದೊಳಗೆ" ಅಂತ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೋ. ಸಮಾಸ ಆಗಿ ಎರಡು ಪದ ಒಂದಾಗಿದ್ದರೆ ಅದೂ ಒಂದೇ ಪದದ ಲೆಕ್ಕ.

ಪೇಪರ್ ತಿದ್ದುವ ಟೀಚರ್

ಮೇಷ್ಟ್ರೇ, ಒಂದು ಮಾತು. ನೀವು ಹೇಳಿದ್ದು ಷಟ್ಪದಿಗೆ ಸರಿ. ಆದರೆ ಅದನ್ನೇ ನಿಯಮ ಮಾಡಿಬಿಟ್ಟರೆ ವೃತ್ತಗಳಲ್ಲಿ ಮಕ್ಕಳು ಸಿಕ್ಕಿಹಾಕಿಕೊಳ್ಳುತ್ತಾರೆ. ಸಂಸ್ಕೃತದ ದಾರಿ ಹಿಡಿದ ವೃತ್ತಗಳಲ್ಲಿ ಪದ ಬೇರೆ ಆದರೂ ಮುಂದೆ ಒತ್ತು ಬಂದರೆ ಹಿಂದಿನದನ್ನು ಗುರು ಎಂದೇ ಎಣಿಸುವ ವಾಡಿಕೆ ಇದೆ.

ಹಳೇ ಮೇಷ್ಟ್ರು

ಒಪ್ಪಿದೆ ಮೇಡಂ. ಅದಕ್ಕೇ ನಾನು ಅಚ್ಚು ಮೊದಲು, ಅನುಮಾನ ಆಮೇಲೆ ಅಂದದ್ದು. ಯಾವ ಛಂದಸ್ಸು ಅಂತ ಗೊತ್ತಾದ ಮೇಲೆ ಆ ಅಕ್ಷರ ಗುರುವೋ ಲಘುವೋ ಅಂತ ಅದೇ ಹೇಳುತ್ತದೆ.

ತುಂಗಾತೀರದ ಅಮ್ಮ

ತುಂಬಾ ಥ್ಯಾಂಕ್ಸ್ ಮೇಷ್ಟ್ರೇ. ನಾಲ್ಕನೇ ಸಾಲು ಕೂಡಿತು. ಮೂರು ಮತ್ತು ಆರು?

ಗಮಕದ ಹುಚ್ಚು

ಆರನೇ ಸಾಲು ನಾನು ಹೇಳ್ತೀನಿ, ಯಾಕೆಂದರೆ ಇದು ಹಾಡುವವರಿಗೆ ಮೊದಲು ಗೊತ್ತಾಗುವ ವಿಷಯ. ನೀವು "ವೀರನಾರಾಯಣ" ಅಂತ ಟೈಪ್ ಮಾಡಿದ್ದೀರಿ. ಕವಿ ಬರೆದದ್ದು "ವೀರನಾರಯಣ". ರಾ ಅಲ್ಲ, ರ. ಗದುಗಿನ ಭಾರತ ಪೂರ್ತಿ ಹೀಗೇ ಬರುತ್ತದೆ. ದೇವರ ಹೆಸರು ತಪ್ಪಾಗಿದೆ ಅಂತ ಬಹಳ ಜನ ಒಳ್ಳೇ ಮನಸ್ಸಿನಿಂದ ತಿದ್ದಿಬಿಡುತ್ತಾರೆ. ತಿದ್ದಿದ ಕೂಡಲೇ ಹಾಡಲು ಬರುವುದಿಲ್ಲ, ತಾಳ ಒಂದು ಏಟು ಆಚೆ ಹೋಗುತ್ತದೆ.

ಕಾವು | ದಾನತ | ಜನವ | ಗದುಗಿನ | ವೀರ | ನಾರಯ | ಣ
– ∪ | – ∪ ∪ | ∪ ∪ ∪ | ∪ ∪ ∪ ∪ | – ∪ | – ∪ ∪ | –

"ನಾರಯ" 4. "ನಾರಾ" ಆದರೂ 4, ಆದರೆ ಆಗ "ಯಣ" ಅಂತ ಎರಡು ಅಕ್ಷರ ಕೊನೆಯಲ್ಲಿ ಉಳಿದುಬಿಡುತ್ತದೆ. ಕೊನೆಗೆ ಒಂದೇ ಅಕ್ಷರಕ್ಕೆ ಜಾಗ ಇರೋದು.

ಹತ್ತನೇ ಬಿ

ಆದ್ರೆ ಕೊನೇ "ಣ" ಲಘು ಅಲ್ವಾ? ಗುರು ಹಾಕಿದ್ದೀರಲ್ಲ. ನನಗೆ 22 ಬರ್ತಿದೆ.

ಗಮಕದ ಹುಚ್ಚು

ಹಾಡಿ ನೋಡಿ. ಅಲ್ಲಿ ನಿಲ್ಲಲೇಬೇಕು, ಧ್ವನಿ ತಾನಾಗಿ ಎಳೆಯುತ್ತದೆ. ಮೂರನೇ ಸಾಲಿನ "ದಾತಾರ" ಕೂಡ ಹಾಗೇ. ಆ ಎರಡು ಸಾಲಿನ ಕೊನೆಗೆ ಲಘು ಬಂದರೂ ಗುರು ಅಂತಲೇ ಲೆಕ್ಕ. ಅಮ್ಮನವರ ಮಗಳಿಗೆ 22 ಬಂದದ್ದು ಇದಕ್ಕೇ.

ಪೇಪರ್ ತಿದ್ದುವ ಟೀಚರ್

ಇಲ್ಲಿ ಮಕ್ಕಳು ಇನ್ನೊಂದು ಕಡೆಗೂ ಜಾರುತ್ತಾರೆ. ಸಾಲಿನ ಕೊನೆ ಗುರು ಅಂತ ಕೇಳಿದ್ದೇ ತಡ, ಎಲ್ಲಾ ಆರು ಸಾಲಿನ ಕೊನೆಗೂ ಗುರು ಹಾಕುತ್ತಾರೆ. "ಜಗಕತಿ"ಯ ತಿ, "ಕಾರಣ"ದ ಣ ಎಲ್ಲ ಗುರು. ಆಗ ಚಿಕ್ಕ ಸಾಲಿಗೆ 15 ಬರುತ್ತದೆ. ಆ ಸೌಲಭ್ಯ 3 ಮತ್ತು 6ನೇ ಸಾಲಿಗೆ ಮಾತ್ರ. ಚಿಕ್ಕ ಸಾಲುಗಳಲ್ಲಿ ನಿಲ್ಲುವುದೇ ಇಲ್ಲ. "ಸು" ಅಂತ ನಿಂತರೆ "ಸುಧಾ" ಹೇಗಾಗುತ್ತದೆ?

ಮತ್ತೆ ಗಮಕದವರೇ, ನಿಮ್ಮ "ಹಾಡಿ ನೋಡಿ" ಸಲಹೆ ಚೆನ್ನಾಗಿದೆ, ಆದರೆ ಅದರಲ್ಲೂ ಅಪಾಯ ಇದೆ. ನಮ್ಮ ಕ್ಲಾಸಿನಲ್ಲಿ ಒಬ್ಬ ಹುಡುಗ ರಾಗವಾಗಿ ಕೇಳಿದ್ದನ್ನು ಹಾಗೇ ಗುರುತು ಹಾಕಿದ್ದ. ಗಾಯಕರು ಎಳೆದಲ್ಲೆಲ್ಲ ಗುರು! ಒಂದು ಸಾಲಿಗೆ 14ರ ಬದಲು ಲೆಕ್ಕವೇ ಸಿಗದಷ್ಟು ಗುರು.

ಗಮಕದ ಹುಚ್ಚು

ಹ್ಹ ಹ್ಹ. ರಾಗ ಬೇಡ ಹಾಗಾದರೆ. ಸುಮ್ನೆ ಮೇಜು ತಟ್ಟುತ್ತಾ ಮೂರು ನಾಲ್ಕು, ಮೂರು ನಾಲ್ಕು ಅಂತ ಓದಲಿ.

ಹುಬ್ಬಳ್ಳಿ ಹುಡುಗ

ಎಲ್ಲಾರಿಗೂ ನಮಸ್ಕಾರ ರೀ. ಭಾಮಿನಿ ಬಗ್ಗೆ ಮಾತು ನಡೆದಿದೆ ಅಂತ ಬಂದೆ. ನಾನೂ ಒಂದು ಬರೆದಿದ್ದೀನಿ, ನೋಡಿ ಹೇಳಿ ರೀ. 14 ಮಾತ್ರೆ ಎಣಿಸಿ ಎಣಿಸಿ ಬರೆದದ್ದು.

ಮಳೆಯು ಬಂದಿತು ನಮ್ಮ ಊರಿಗೆ
ಹೊಳೆಗೆ ನೀರು ಬಂತು ಸುಮ್ಮನೇ

ಮುಂದಿನ ಸಾಲು ಇನ್ನೂ ಬಂದಿಲ್ಲ.

ತುಂಗಾತೀರದ ಅಮ್ಮ

ಅಣ್ಣಾ, ಇದು ಪರೀಕ್ಷೆಯ ಚರ್ಚೆ... ಇರಲಿ ಬಿಡಿ, ಮಗಳು ಎಣಿಸ್ತಿದ್ದಾಳೆ. ಎರಡೂ ಸಾಲಿಗೆ 14 ಬಂತಂತೆ. ಸರಿಯಾಗಿದೆ ಅಂತಾಳೆ.

ಹಳೇ ಮೇಷ್ಟ್ರು

ಬಿಡಬೇಡಿ, ಇದು ಪರೀಕ್ಷೆಗೇ ಬೇಕಾದ ಉದಾಹರಣೆ. ಮೊದಲ ಸಾಲು ಸೊಗಸಾಗಿದೆ. ಮಳೆಯು | ಬಂದಿತು | ನಮ್ಮ | ಊರಿಗೆ. 3, 4, 3, 4. ಎರಡನೇ ಸಾಲು ಒಟ್ಟು 14 ಹೌದು, ಆದರೆ ಭಾಮಿನಿ ಅಲ್ಲ.

ಹೊಳೆಗೆ | ನೀರು ಬಂ... 

"ಹೊಳೆಗೆ" 3 ಆಯಿತು. ಮುಂದೆ 4 ಬೇಕು. "ನೀರು" 3. ಇನ್ನೊಂದು ಮಾತ್ರೆ ಬೇಕು ಅಂದರೆ ಸಿಗುವುದು "ಬಂ", ಅದು 2. ಗೆರೆ ಎಳೆಯಲು ಜಾಗವೇ ಇಲ್ಲ. ಒಟ್ಟು ಸರಿ ಇದ್ದೂ ಗಣ ಮುರಿದರೆ ಪದ್ಯ ಮುರಿದ ಹಾಗೆ. ಮಕ್ಕಳು ಒಟ್ಟು ಮಾತ್ರೆ ನೋಡಿ ಹೆಸರು ಬರೆದು ಮುಗಿಸುತ್ತಾರೆ, ಇಲ್ಲೇ ಅಂಕ ಹೋಗುವುದು.

"ಹೊಳೆಗೆ ನೀರದು ಬಂತು ಸುಮ್ಮನೆ" ಅಂತ ಮಾಡಿ ನೋಡಪ್ಪ. ಹೊಳೆಗೆ | ನೀರದು | ಬಂತು | ಸುಮ್ಮನೆ. "ಅದು" ಜಾಗ ತುಂಬಲು ಹಾಕಿದ್ದು, ಕವಿತೆಗೆ ಅದರಿಂದ ಲಾಭ ಏನಿಲ್ಲ. ಗಣ ಮಾತ್ರ ಕೂತಿತು.

ಅಂದಹಾಗೆ ನಿನಗೆ ಪ್ರಾಸ ತಾನಾಗಿಯೇ ಬಂದಿದೆ. ಮಳೆ, ಹೊಳೆ. ಎರಡನೇ ಅಕ್ಷರ ಎರಡೂ ಕಡೆ ಳ.

ಹತ್ತನೇ ಬಿ

ಪ್ರಾಸ ಅಂದ ಕೂಡಲೆ ನೆನಪಾಯ್ತು, ನನ್ನ ಡೌಟು ಕೇಳಲಾ? ಇದು ಷಟ್ಪದಿ ಅಲ್ಲ. ಪಂಪನ ಸಾಲು.

ಆರಂಕುಸಮಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿ ದೇಶಮಂ

ಇದು ಮಾತ್ರೆ ಲೆಕ್ಕ ಅಲ್ಲ, ಅಕ್ಷರ ಲೆಕ್ಕ ಅಂತ ಗೊತ್ತು. 21 ಅಕ್ಷರ ಇದೆ. 21 ಅಂದ್ರೆ ಚಂಪಕಮಾಲೆ. ಆದ್ರೆ ಗೈಡಲ್ಲಿ ಉತ್ಪಲಮಾಲೆ ಅಂತ ಇದೆ, ಅದಕ್ಕೆ 20 ಇರಬೇಕಲ್ವಾ. ಗೈಡ್ ತಪ್ಪು ಅಂತ ಫ್ರೆಂಡ್ಸ್‌ಗೆಲ್ಲ ಹೇಳಿಬಿಟ್ಟಿದ್ದೀನಿ.

ಅಕ್ಷರಪ್ರೇಮಿ

21 ಇದ್ದರೆ ಚಂಪಕಮಾಲೆಯೇ. ಗೈಡುಗಳಲ್ಲಿ ತಪ್ಪು ಇದ್ದೇ ಇರುತ್ತದೆ.

ಪೇಪರ್ ತಿದ್ದುವ ಟೀಚರ್

ನಿಲ್ಲಿ ನಿಲ್ಲಿ. ಸ್ರಗ್ಧರೆಗೂ 21 ಅಕ್ಷರವೇ. ಉತ್ಪಲಮಾಲೆಗೆ 20, ಮತ್ತೇಭವಿಕ್ರೀಡಿತಕ್ಕೂ 20. ಬರೀ ಎಣಿಕೆಯಿಂದ ಹೆಸರು ಹೇಳಕ್ಕಾಗಲ್ಲ. ಶುರು ನೋಡಬೇಕು. ಚಂಪಕಮಾಲೆ ಸಾಲುಸಾಲು ನಾಲ್ಕು ಲಘುವಿನಿಂದ ಶುರುವಾಗುತ್ತದೆ. ಸ್ರಗ್ಧರೆ ನಾಲ್ಕು ಗುರುವಿನಿಂದ. ಈ ಹುಡುಗನ ಸಾಲು "ಆ ರಂ ಕು ಸ" ಅಂತ ಶುರುವಾಗ್ತಿದೆ. ಎರಡು ಗುರು, ಆಮೇಲೆ ಎರಡು ಲಘು. ನಮ್ಮ ಆರು ಖ್ಯಾತ ಕರ್ನಾಟಕ ವೃತ್ತಗಳಲ್ಲಿ ಯಾವುದೂ ಹೀಗೆ ಶುರುವಾಗುವುದಿಲ್ಲ. ಶಾರ್ದೂಲವಿಕ್ರೀಡಿತಕ್ಕೆ ಮೂರು ಗುರು ಬೇಕು. ಮತ್ತೇಭಕ್ಕೆ, ಮಹಾಸ್ರಗ್ಧರೆಗೆ ಮೊದಲು ಎರಡು ಲಘು ಬೇಕು.

ಅಂದರೆ ಸಾಲನ್ನು ಬರೆದುಕೊಂಡಿರುವುದರಲ್ಲೇ ಏನೋ ಆಗಿದೆ. ಮೇಷ್ಟ್ರೇ, ನೀವೇ ಹೇಳಿ.

ಹಳೇ ಮೇಷ್ಟ್ರು

ಆ "ಆ" ಈ ಸಾಲಿನದ್ದಲ್ಲ! ಭಾಷಣಗಳಲ್ಲಿ, ಗೋಡೆಗಳಲ್ಲಿ ಈ ಸಾಲನ್ನು ಬಿಡಿಯಾಗಿ ಬರೆಯುವಾಗ ಅರ್ಥ ಆಗಲಿ ಅಂತ "ಆರಂಕುಸಮಿಟ್ಟೊಡಂ" ಅಂತ ಬರೆಯುತ್ತಾರೆ. ಪದ್ಯದಲ್ಲಿ ಹಿಂದಿನ ಸಾಲು "ಏನನೆಂಬೆನಾ" ಅಂತ ಮುಗಿಯುತ್ತದೆ. ಎಂಬೆನ್, ಆರಂಕುಸಮ್ ಎರಡೂ ಸಂಧಿಯಾಗಿ "ಎಂಬೆನಾರಂಕುಸಂ". ಅದರ "ನಾ" ಮೇಲೇ ಉಳಿಯಿತು. ಕೆಳಗಿನ ಸಾಲು ಶುರುವಾಗುವುದು "ರಂ" ಇಂದ.

ರಂಕುಸ | ಮಿಟ್ಟೊಡಂ | ನೆನೆವು | ದೆನ್ನ ಮ | ನಂ ಬನ | ವಾಸಿ ದೇ | ಶಮಂ
– ∪ ∪ | – ∪ – | ∪ ∪ ∪ | – ∪ ∪ | – ∪ ∪ | – ∪ – | ∪ –

ಭ ರ ನ ಭ ಭ ರ, ಕೊನೆಗೆ ಒಂದು ಲಘು ಒಂದು ಗುರು. ಇಪ್ಪತ್ತೇ ಅಕ್ಷರ. ಅಪ್ಪಟ ಉತ್ಪಲಮಾಲೆ. ಗೈಡ್ ಸರಿ ಇದೆಯಪ್ಪ, ಫ್ರೆಂಡ್ಸ್‌ಗೆ ಹೇಳಿಬಿಡು.

"ಆ" ಮೇಲಿನ ಸಾಲಿನದ್ದು ಅಂತ ಹೇಗೆ ಕಂಡುಹಿಡಿಯಬೇಕು ಅಂದರೆ, ನೀನು ಕೇಳಲು ಬಂದ ಪ್ರಾಸದಿಂದಲೇ. ಪದ್ಯದ ನಾಲ್ಕು ಸಾಲು ಶುರುವಾಗುವುದು ಹೀಗೆ: ತೆಂಕಣ, ಯಂ ಕಿವಿ, ಪಂ ಗೆಡೆ, ರಂಕುಸ. ಮೊದಲ ಅಕ್ಷರಕ್ಕೆ ಸೊನ್ನೆ, ಅದರ ಮುಂದೆ ಕ ಅಥವಾ ಅದರದೇ ವರ್ಗದ ಗ. "ಆರಂಕುಸ" ಅಂತ ಶುರು ಮಾಡಿದರೆ ಎರಡನೇ ಅಕ್ಷರ "ರಂ" ಆಗುತ್ತದೆ, ಪ್ರಾಸ ಕೆಡುತ್ತದೆ.

ಅಮ್ಮನವರ ಪದ್ಯಕ್ಕೂ ಇದನ್ನು ಹಿಡಿದು ನೋಡಿ. ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಆರು ಸಾಲಿಗೂ ಎರಡನೇ ಅಕ್ಷರ ವ. "ರಾಜೀವ" ಪದವನ್ನು ಕತ್ತರಿಸಿ "ರಾ" ಮೇಲೆ, "ಜೀವ" ಕೆಳಗೆ ಇಟ್ಟಿರುವುದು ಇದಕ್ಕೇ. ಪದ ಮುರಿಯಿತು ಅಂತ ಮಕ್ಕಳು "ರಾ"ವನ್ನು ಕೆಳಗೆ ಇಳಿಸಿಬಿಟ್ಟರೆ ಮೇಲೆ 12, ಕೆಳಗೆ 16.

ಹತ್ತನೇ ಬಿ

ಅಯ್ಯೋ. ಸರಿ ಸರ್, ಹೇಳ್ತೀನಿ.

ಇನ್ನೊಂದೇ ಒಂದು. ಪ್ರಶ್ನೆಪತ್ರಿಕೇಲಿ ಒಂದೇ ಸಾಲು ಕೊಟ್ಟು 20 ಮಾತ್ರೆ ಬಂದ್ರೆ? ಕಂದದ ದೊಡ್ಡ ಸಾಲಿಗೂ 20, ವಾರ್ಧಕದ ಚಿಕ್ಕ ಸಾಲಿಗೂ 20, ಲಲಿತ ರಗಳೆಗೂ 20. ಮೂರರಲ್ಲಿ ಯಾವುದು ಅಂತ ಬರೀಲಿ?

ಪೇಪರ್ ತಿದ್ದುವ ಟೀಚರ್

ಒಳ್ಳೇ ಪ್ರಶ್ನೆ. ಕಂದವನ್ನು ಬೇರೆ ಮಾಡುವುದು ಸುಲಭ. ಅದು ನಾಲ್ಕು ನಾಲ್ಕರ ಐದು ಗಣ. ಉಳಿದೆರಡು ಐದೈದರ ನಾಲ್ಕು ಗಣ. ಕವಿರಾಜಮಾರ್ಗದ ಕಾವೇರಿ ಗೋದಾವರಿ ಪದ್ಯ ಎಲ್ಲರಿಗೂ ಗೊತ್ತಿರುವುದೇ, ಅದರ ಮೊದಲರ್ಧ ತೆಗೆದುಕೋ.

ಕಾವೇ | ರಿಯಿಂದ | ಮಾ ಗೋ
– – | ∪ – ∪ | – –

ದಾವರಿ | ವರಮಿ | ರ್ದ ನಾಡ | ದಾ ಕ | ನ್ನಡದೊಳ್
– ∪ ∪ | ∪ ∪ – | ∪ – ∪ | – – | ∪ ∪ –

ಎರಡನೇ ಸಾಲನ್ನು ಬೇಕಂತಲೇ ಐದೈದಾಗಿ ಕತ್ತರಿಸಲು ಹೋಗು. "ದಾವರಿವ" 5, ಸರಿ. ಮುಂದೆ "ರಮಿ" 3, "ರ್ದ" ಸೇರಿ 4, ಮುಂದೆ "ನಾ". ಅದನ್ನು ಒಡೆಯಬೇಕಾಗುತ್ತದೆ. ಆಗಲ್ಲ. ಹಾಗಾಗಿ ಐದರ ಲೆಕ್ಕ ಬಿಟ್ಟುಬಿಡು, ಇದು ಕಂದ.

ಖಾತ್ರಿ ಮಾಡಿಕೊಳ್ಳಬೇಕು ಅಂದರೆ ಎರಡೂ ಸಾಲು ಸೇರಿಸಿ ಆರನೇ ಗಣ ನೋಡು. "ರ್ದ ನಾಡ", ನಡುವೆ ಗುರು, ಆಚೀಚೆ ಲಘು. ಕಂದದ ಆರನೇ ಗಣ ಹೀಗೇ ಇರಬೇಕು, ಇಲ್ಲವೇ ನಾಲ್ಕೂ ಲಘು ಆಗಿರಬೇಕು. ಮೂರನೆಯ ದಾರಿ ಇಲ್ಲ. 1, 3, 5, 7ನೇ ಗಣಗಳಲ್ಲಿ ಮಾತ್ರ ನಡುವೆ ಗುರು ಇರುವ ಈ ಗಣ ಬರಲೇಬಾರದು. ಕೊನೆಯದು ಗುರುವಿನಲ್ಲಿ ಮುಗಿಯಬೇಕು, "ದೊಳ್" ಮುಗಿದಿದೆ.

ಹತ್ತನೇ ಬಿ

ವಾರ್ಧಕ, ಲಲಿತ?

ಪೇಪರ್ ತಿದ್ದುವ ಟೀಚರ್

ಒಂದೇ ಸಾಲು ಕೊಟ್ಟರೆ ಅವೆರಡನ್ನು ಬೇರೆ ಮಾಡಲು ಆಗುವುದಿಲ್ಲ. ಎರಡೂ 5, 5, 5, 5. ಮೂರನೇ ಸಾಲು ಕಂಡರೆ ಮಾತ್ರ ಗೊತ್ತಾಗುತ್ತದೆ. ವಾರ್ಧಕದಲ್ಲಿ ಅದು 32ಕ್ಕೆ ಹಾರುತ್ತದೆ, ರಗಳೆಯಲ್ಲಿ 20ರಲ್ಲೇ ಓಡುತ್ತಿರುತ್ತದೆ. ಪ್ರಶ್ನೆ ಮಾಡುವವರಿಗೆ ಇದು ಗೊತ್ತಿದ್ದರೆ ಒಂದು ಸಾಲು ಕೊಡುವುದಿಲ್ಲ.

ತುಂಗಾತೀರದ ಅಮ್ಮ

ನನ್ನ ಒಂದು ಪ್ರಶ್ನೆ ಹಾಗೇ ಉಳೀತು. "ಮಥನ ಶ್ರವಣ" ಬಂದರೆ ಮಗಳು ಪರೀಕ್ಷೆಯಲ್ಲಿ ಏನು ಬರೆಯಬೇಕು? ಲಘು ಹಾಕಿದರೆ ತಿದ್ದುವವರು "ಒತ್ತಕ್ಷರದ ಹಿಂದೆ ಗುರು" ಅಂತ ತಪ್ಪು ಹಾಕಿಬಿಟ್ಟರೆ? ಅವಳ ಗೆಳತಿಗೆ ಟ್ಯೂಷನ್ನಿನ ಟೆಸ್ಟಿನಲ್ಲಿ ಹಾಗೇ ಆಗಿದೆಯಂತೆ.

ಪೇಪರ್ ತಿದ್ದುವ ಟೀಚರ್

ನಾನಾದರೆ ಲಘುವಿಗೆ ಅಂಕ ಕೊಡುತ್ತೇನೆ, ಗಣ ಕೂಡಿದೆಯಲ್ಲ. ಗುರು ಹಾಕಿ ಕೆಳಗೆ 14 ಅಂತ ಬರೆದಿದ್ದರೆ ಕೊಡಲ್ಲ. ಎಲ್ಲರೂ ಹೀಗೇ ತಿದ್ದುತ್ತಾರೆ ಅಂತ ಹೇಳಲಾರೆ.

ಅಕ್ಷರಪ್ರೇಮಿ

ನನ್ನ ಪ್ರಕಾರ ನಿಯಮದಂತೆ ಗುರು ಹಾಕಿ ಪಕ್ಕದಲ್ಲಿ ಒಂದು ಟಿಪ್ಪಣಿ ಬರೆಯುವುದು ಸೇಫ್.

ಹಳೇ ಮೇಷ್ಟ್ರು

ಟಿಪ್ಪಣಿ ಬರೆಯುವುದಾದರೆ ಲಘು ಹಾಕಿಯೇ ಬರೆಯಲಿ. "ಬೇರೆ ಪದ, ಆದ್ದರಿಂದ ಲಘು" ಅಂತ ನಾಲ್ಕು ಪದ ಸಾಕು. ಗುರು ಹಾಕಿದರೆ ಗಣದ ಗೆರೆ ಎಲ್ಲಿ ಎಳೀತೀರಿ ಹೇಳಿ?

ಅಕ್ಷರಪ್ರೇಮಿ

ಅದೂ ಸರಿ. ಆದರೂ ಪರೀಕ್ಷೆ ಅಂದರೆ ಪರೀಕ್ಷೆ ಮೇಷ್ಟ್ರೇ. ಅಂಕ ಕೊಡುವವರು ನೀವಲ್ಲ.

ಹುಬ್ಬಳ್ಳಿ ಹುಡುಗ

ಮೇಷ್ಟ್ರ, ಮೂರನೇ ಸಾಲು ಬಂತು ರೀ!

ಕೊಳದ ದಂಡೆಯ ಕಪ್ಪೆ ಕೂಗಿತು ನಿದ್ದೆ ಬರಲಿಲ್ಲ

ಹತ್ತನೇ ಬಿ

ಕೊಳದ | ದಂಡೆಯ | ಕಪ್ಪೆ | ಕೂಗಿತು | ನಿದ್ದೆ | ಬರಲಿ | ಲ್ಲ. ಕೊನೇ "ಲ್ಲ" ಗುರು ಅಂತ ತಗೊಂಡ್ರೆ 23, ಗಣ ಎಲ್ಲೂ ಒಡೆದಿಲ್ಲ. ಎರಡನೇ ಅಕ್ಷರ ಳ. ಪಾಸ್ ಅಣ್ಣಾ. ಇನ್ನು ಮೂರು ಸಾಲು ಬಾಕಿ.